ಅರಿಸಿನ ಗಿರಣಿಯ ಎರಡು ಮೂರು ಸಾಲು

ಮೇಲ್ ಬರೆಯಲು ಶಾಂತಮಲ್ಲಮ್ಮ ಕೂತದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದೂವರೆಯಾದರೂ 'ಮಾನ್ಯ ಸಿದ್ದಮಲ್ಲಪ್ಪನವರಿಗೆ, ನಮಸ್ಕಾರ' ಎಂಬಲ್ಲಿಂದ ಮುಂದೆ ಹೋಗಿರಲಿಲ್ಲ.

ಚಾಮರಾಜನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿನ ಒಂದು ಕೋಣೆ ಅವಳ ಆಫೀಸು. ಅಂಗಡಿ, ಗಿರಣಿಗಳಿಗೆ ಲೇಬಲ್ಲು, ಪೊಟ್ಟಣ, ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ಬರಹ ಅವಳದು. ಚಿತ್ರ, ವೆಬ್‌ಸೈಟ್ ಎದುರು ಮೇಜಿನ ಚಾಮುಂಡಿಯದು. ಕುದೇರಿನ ಈ ಹುಡುಗಿ ಎರಡು ವರ್ಷದ ಹಿಂದೆ ಬಂದಾಗ ಕ್ಯಾಮೆರಾ ಹಿಡಿಯುವುದಕ್ಕೂ ಅಂಜುತ್ತಿದ್ದಳು. ಹೇಳಿಕೊಟ್ಟವಳು ಶಾಂತಮಲ್ಲಮ್ಮನೇ.

ಗುಂಡ್ಲುಪೇಟೆಯ ಸಿದ್ದಮಲ್ಲಪ್ಪನವರ ಅರಿಸಿನ ಗಿರಣಿಯ ಹೊಸ ಪೊಟ್ಟಣ ಅಂಗಡಿಗಳಿಗೆ ಹೋಗಿ ತಿಂಗಳಾಗಿತ್ತು, ಉಳಿದ ಕೆಲಸವೂ ಸೋಮವಾರ ಮುಗಿದಿತ್ತು. ಈಗ ಸಂತೆಮರಹಳ್ಳಿಯ ರೈತರ ಕಂಪನಿಯೊಂದು ಹುಣಸೆಹಣ್ಣಿನ ಪೊಟ್ಟಣಕ್ಕಾಗಿ ವಿಚಾರಿಸಿತ್ತು. ಹಿಂದೆ ಕೆಲಸ ಮಾಡಿಸಿಕೊಂಡ ಯಾರಾದರೂ ಒಬ್ಬರ ಅನಿಸಿಕೆ ಜೊತೆಗಿರಲಿ, ಶುಕ್ರವಾರದೊಳಗೆ ಕಳಿಸಿ, ಎಂದಿತ್ತು. ಸಿದ್ದಮಲ್ಲಪ್ಪನವರನ್ನು ಕೇಳಿದರೆ ಇಲ್ಲವೆನ್ನುವುದಿಲ್ಲ. ಏನು ಹೇಳುತ್ತಾರೆ ಎಂಬುದೇ ಅವಳ ಭಯ.

ಲೇಬಲ್ ತೋರಿಸಲು ಹೋದ ದಿನ ಮುದುಕ ಗಿರಣಿಯ ಜಗುಲಿಯಲ್ಲಿ ಕೂತು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದರು. 'ಏನ್ ಕೂಸು ನೀನು! ನಮ್ಮ ಅರ್ಸಿನ್ವ ಚಿನ್ನ ಮಾಡ್ಬುಟ್ಟಲ್ಲ!' ಎಂದಿದ್ದರು ಚಾಮುಂಡಿಗೆ. ಆಮೇಲೆ ಶಾಂತಮಲ್ಲಮ್ಮನ ಕಡೆ ತಿರುಗಿ, 'ಕಾಪಿ ಕುಡೀರಿ ಮೇಡಮ್ಮೋರೆ' ಎಂದಿದ್ದರು. ಅಷ್ಟೇ. ಅವಳು ಕೂಸು, ಇವಳು ಮೇಡಮ್ಮೋರು. ಮುದುಕರ ತಂದೆ 1956ರಲ್ಲಿ ಒಂದೇ ಒರಳಿನಿಂದ ಅರಿಸಿನ ಕುಟ್ಟಲು ಶುರುಮಾಡಿದ ಕಥೆಯನ್ನು ಮೂರು ಸಲ ಗುಂಡ್ಲುಪೇಟೆಗೆ ಹೋಗಿ ಕೇಳಿ, ಪೊಟ್ಟಣದ ಬೆನ್ನಿಗೆ ನಾಲ್ಕೇ ಸಾಲಿನಲ್ಲಿ ಕೂರಿಸಿದವಳು ಇವಳು. ಅದರ ಬಗ್ಗೆ ಒಂದು ಮಾತಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಅರ್ಧ ದಾರಿ ದಾಟುವವರೆಗೂ ಶಾಂತಮಲ್ಲಮ್ಮ ಕಿಟಕಿ ಕಡೆಯಿಂದ ಮುಖ ತಿರುಗಿಸಿರಲಿಲ್ಲ.

'ಅಕ್ಕ, ತಿಂಡಿಗೋಗನ ಬನ್ನಿ' ಎಂದಳು ಚಾಮುಂಡಿ.

'ನೀನು ಹೋಗು. ನನಗೆ ಒಂದು ಮೇಲ್ ಇದೆ.'

ಅವಳು ಇಳಿದು ಹೋದ ಮೇಲೆ ಬೆರಳು ತಾನಾಗಿ ಓಡಿತು.

'ತಮ್ಮ ಗಿರಣಿಯ ಕೆಲಸ ಸೋಮವಾರ ಮುಗಿಯಿತು. ನಂಬಿ ಕೆಲಸ ಕೊಟ್ಟಿದ್ದಕ್ಕೆ, ತಂದೆಯವರ ನೆನಪುಗಳನ್ನು ಹಂಚಿಕೊಂಡಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಬರಹದಿಂದ ಚಿತ್ರದವರೆಗೆ ಪ್ರತಿಯೊಂದನ್ನೂ ನಾನೇ ಮುತುವರ್ಜಿಯಿಂದ ನೋಡಿಕೊಂಡ ಕೆಲಸ ಇದು. ತಮಗೆ ಬಿಡುವಾದಾಗ ಎರಡು ಮೂರು ಸಾಲಿನ ಅನಿಸಿಕೆ ಕಳಿಸಿದರೆ ದೊಡ್ಡ ಉಪಕಾರ. ಮೊದಲು ಏನು ತೊಂದರೆಯಿತ್ತು, ಈಗ ಏನು ಬದಲಾಯಿತು, ನನ್ನೊಡನೆ ಕೆಲಸ ಮಾಡಿದ್ದು ಹೇಗನ್ನಿಸಿತು, ಇಷ್ಟಿದ್ದರೆ ಸಾಕು. ಗುರುವಾರದೊಳಗೆ ಸಿಕ್ಕರೆ ಒಂದು ಹೊಸ ಕೆಲಸಕ್ಕೆ ನೆರವಾಗುತ್ತದೆ. ಆಗದಿದ್ದರೆ ಬೇಸರವಿಲ್ಲ. ತಾವು ಒಪ್ಪಿದರೆ ಮಾತ್ರ ಹೆಸರಿನೊಂದಿಗೆ ಬಳಸುತ್ತೇನೆ.'

ಓದಿದಳು. ವಿನಯವಿತ್ತು, ಒತ್ತಾಯವಿರಲಿಲ್ಲ. 'ಚಿತ್ರದವರೆಗೆ' ಎಂಬ ಪದದ ಮೇಲೆ ಕಣ್ಣು ನಿಂತಿತು. ಸುಳ್ಳೇನಲ್ಲ, ನೋಡಿಕೊಂಡದ್ದು ನಿಜವೇ ಎಂದುಕೊಂಡಳು. ಪ್ರತಿ ಮೇಲಿಗೂ ಚಾಮುಂಡಿಗೊಂದು ಪ್ರತಿ ಹೋಗುವುದು ಆಫೀಸಿನ ರೂಢಿ. ಸಿಸಿಯಲ್ಲಿದ್ದ ಅವಳ ಹೆಸರನ್ನು ಅಳಿಸಿ, ಕಳಿಸಿಬಿಟ್ಟಳು.

ಎದುರು ಮೇಜಿನ ಮೇಲೆ ಚಾಮುಂಡಿ ಚಾರ್ಜಿಗಿಟ್ಟು ಹೋಗಿದ್ದ ಫೋನು ಟಿಣ್ ಎಂದಿತು. ಶಾಂತಮಲ್ಲಮ್ಮ ಅದರ ಕಡೆ ನೋಡಲೂ ಇಲ್ಲ.

ಎರಡು ದಿನ ಅವಳು ಇನ್‌ಬಾಕ್ಸನ್ನು ಎಷ್ಟು ಸಲ ತೆರೆದಳೋ. ಚಾಮುಂಡಿ ಫೋನಿನಲ್ಲಿ ನಕ್ಕರೆ ಯಾರೊಡನೆ ಎಂದು ಕಿವಿ ನಿಮಿರುತ್ತಿತ್ತು. ಗುರುವಾರ ಮಧ್ಯಾಹ್ನ ಉತ್ತರ ಬಂತು.

'ನಮ್ಮ ಗಿರಣಿ ಹೆಸರು ಊರು ಬಿಟ್ಟು ಆಚೆಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಮೈಸೂರಿನಿಂದಲೂ ಕೇಳಿಕೊಂಡು ಬರುತ್ತಾರೆ. ನಮ್ಮ ತಂದೆಯ ಬಗ್ಗೆ ಶಾಂತಮಲ್ಲಮ್ಮನವರು ಬರೆದ ನಾಲ್ಕು ಸಾಲನ್ನು ಓದಿಸಿಕೊಂಡ ದಿನ ನಾನು ಊಟ ಮಾಡಲಿಲ್ಲ. ಬರಹ, ಚಿತ್ರ ಎಲ್ಲವೂ ಅವರದೇ ಶ್ರಮ. ಹೆಸರು ಹಾಕಿಕೊಳ್ಳಲು ನನ್ನ ಒಪ್ಪಿಗೆ ಇದೆ.'

ಎದೆ ಹಗುರವಾಯಿತು. ಸಂತೆಮರಹಳ್ಳಿಯ ಕಡತಕ್ಕೆ ಅದನ್ನು ಅಂಟಿಸುತ್ತಿದ್ದಾಗಲೇ ಸಿದ್ದಮಲ್ಲಪ್ಪನವರ ಫೋನು ಬಂತು. ಆಚೆ ಗಿರಣಿಯ ಸದ್ದು. ಮುದುಕ ಕೂಗಿಯೇ ಮಾತಾಡಿದರು.

'ಮೇಡಮ್ಮೋರೆ, ಬಂತಾ ನಮ್ ಕಾಗ್ದ?'

'ಬಂತು ಸಾರ್. ತುಂಬಾ ಚೆನ್ನಾಗಿದೆ.'

'ನಾ ಎಲ್ಲಿ ಬರ್ದೆ? ನಂದು ಗುಂಡಿ ಪೋನು. ಆ ಮೇಲು ಪಾಲು ಎಲ್ಲ ನಮ್ ಕೂಸಿನ್ ಪೋನ್ಲೇ ಅದೆ. ಅದು ಓದಿ ಏಳ್ತು, ನಾ ಏಳ್ದಂಗೆ ಒತ್ತಿ ಕಳುಸ್ತು.'

ಶಾಂತಮಲ್ಲಮ್ಮ ಎದುರು ಮೇಜಿನ ಕಡೆ ನೋಡಿದಳು. ಗಿರಣಿಗೆ ಮೇಲ್ ವಿಳಾಸ ಮಾಡಿಕೊಟ್ಟವಳು ಚಾಮುಂಡಿ. ಕೆಲಸ ಒಪ್ಪಿಸುವ ಪಟ್ಟಿಯಲ್ಲಿ 'ಪಾಸ್‌ವರ್ಡ್ ಕೊಟ್ಟಿದೆ' ಎಂಬುದಕ್ಕೆ ಗುರುತು ಹಾಕಿದವಳು ಶಾಂತಮಲ್ಲಮ್ಮನೇ. ಕೊಟ್ಟದ್ದೂ ಹೌದು. ಮುದುಕ ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, 'ಆರ್ಡ್ರು ಬಂದ್ರೆ ನೀನೇ ನೋಡ್ಕಂಡು ಏಳು ಕೂಸು' ಎಂದು ಚಾಮುಂಡಿಗೆ ಹೇಳಿದ್ದು ಶಾಂತಮಲ್ಲಮ್ಮನಿಗೆ ಮರೆತೇ ಹೋಗಿತ್ತು.

'ನಾ ಕೇಳ್ದಿ ಕಣಿ ಮೇಡಮ್ಮೋರೆ, ಅಲ್ಲ ಕೂಸು, ಪೋಟ ತಗ್ದೋಳು ನೀನು, ನಿನ್ನೆಸ್ರೇ ಇಲ್ವಲ್ಲ ಅಂತ. ಅದ್ಕೆ ಅದು, ನಮ್ಮಕ್ಕಂಗೆ ಬಾಳ ಆಸೆ ಅದೆ ತಾತ, ಅವ್ರೆಸ್ರೇ ಆಕುಸ್ಬುಡಿ ಅಂತು. ಆಕುಸ್ದಿ! ಆದ್ರೆ ಆ ಊಟದ್ ಇಸ್ಯ ಮಾತ್ರ ನಾನೇ ಏಳ್ದದ್ದು. ಸುಳ್ಳಲ್ಲ ಕಣವ್ವ.'

ಫೋನು ಇಟ್ಟಾಯಿತು. ಎದುರು ಮೇಜಿನಲ್ಲಿ ಚಾಮುಂಡಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಕೊಟ್ಟದ್ದು, ಅಳುವ ಮಗುವಿನ ಕೈಗೆ ಬೆಲ್ಲದ ಚೂರು ಇಟ್ಟ ಹಾಗೆ.

'ಓದಿದ್ದೆ ಅಂತ ಯಾಕೆ ಹೇಳಲಿಲ್ಲ?'

'ನನ್ನ ಸಿಸಿಲಿ ಆಕಿರ್ಲಿಲ್ವಲ್ಲಕ್ಕ. ನಾ ಓದ್ಬಾರ್ದು ಅಂತ ಇದ್ದದ್ದು ಅನ್ಕಂಡಿ. ಎರಡ್ ದಿನ ಮುಟ್ನಿಲ್ಲ. ಇವತ್ತು ತಾತ ಪೋನ್ ಮಾಡಿ, ಏನಾರ ಬಂದದಾ ಓದು ಅಂದ್ರು, ಓದ್ದಿ.'

'ಆಸೆ ಅದೆ ಅಂದೆಯಂತೆ.'

'ಇಲ್ವಾ?'

ಶಾಂತಮಲ್ಲಮ್ಮ ಕಂಪ್ಯೂಟರಿನ ಕಡೆ ತಿರುಗಿದಳು. ಹೊಟ್ಟೆಕಿಚ್ಚು ಆರಿರಲಿಲ್ಲ. 'ಕೂಸು' ಎಂಬ ಆ ಮಾತು ಇನ್ನೂ ಚುಚ್ಚುತ್ತಲೇ ಇತ್ತು. ಆದರೆ ಇಂಥ ಅನಿಸಿಕೆಯನ್ನು ಹಿಡಿದುಕೊಂಡು ಸಂತೆಮರಹಳ್ಳಿಗೆ ಹೋದರೆ, ಪ್ರತಿ ಸಾಲಿನಲ್ಲೂ ಈ ಹುಡುಗಿಯ ದಯೆಯನ್ನೇ ಓದಬೇಕಾಗುತ್ತದೆ. ಅದಕ್ಕಿಂತ ಅವಳ ಹೆಸರನ್ನೇ ಓದುವುದು ಮೇಲು.

ಕಡತದಿಂದ ಆ ಸಾಲುಗಳನ್ನು ತೆಗೆದಳು. ಹೊಸ ಮೇಲ್ ತೆರೆದಳು.

'ಮಾನ್ಯ ಸಿದ್ದಮಲ್ಲಪ್ಪನವರಿಗೆ, ಅನಿಸಿಕೆಗಾಗಿ ವಂದನೆಗಳು. ಅದರಲ್ಲಿ ಒಂದು ತಪ್ಪಿದೆ, ಅದು ನನ್ನಿಂದಾದದ್ದು. ಬರಹ ಮಾತ್ರ ನನ್ನದು. ಚಿತ್ರಗಳು, ವೆಬ್‌ಸೈಟ್ ಚಾಮುಂಡಿಯವು. ಹಾಗೆಂದು ತಿದ್ದಿಕೊಳ್ಳಲು ತಮ್ಮ ಒಪ್ಪಿಗೆ ಬೇಕು. ಊಟದ ಮಾತನ್ನು ದಯವಿಟ್ಟು ಹಾಗೆಯೇ ಬಿಡಿ.'

ಕೊನೆಯ ವಾಕ್ಯವನ್ನು ಅಳಿಸೋಣವೆಂದುಕೊಂಡಳು. ಅಳಿಸಲಿಲ್ಲ. ಸಿಸಿಯಲ್ಲಿ ಚಾಮುಂಡಿಯ ಹೆಸರು ಹಾಕಿ ಕಳಿಸಿದಳು.

ಎದುರು ಮೇಜಿನ ಫೋನು ಟಿಣ್ ಎಂದಿತು. ಒಂದು ಕ್ಷಣ ಬಿಟ್ಟು ಇನ್ನೊಮ್ಮೆ ಟಿಣ್ ಎಂದಿತು.

ಚಾಮುಂಡಿ ಫೋನೆತ್ತಿ ನೋಡಿದಳು. 'ನಂಗೆ ಬಂದದ್ದ ಓದ್ಕತೀನಿ ಅಕ್ಕ' ಎಂದಳು. 'ತಾತಂಗೆ ಬಂದದ್ದ ತಾತ ಪೋನ್ ಮಾಡಿ ಓದು ಅಂದ್ಮೇಲೆ.'

'ಎರಡರಲ್ಲೂ ಅದೇ ಅಲ್ಲವೇನೇ ಇರುವುದು!'

'ಇರ್ಲಿ ಕಣಕ್ಕ. ಅವ್ರ ಕಾಗ್ದ ಅವ್ರುದು.'

ನಾಳೆ ಶುಕ್ರವಾರ. ಶಾಂತಮಲ್ಲಮ್ಮ ಚಾಮುಂಡಿಯ ಮುಖವನ್ನೇ ನೋಡುತ್ತಾ ಕೂತಳು, ಅವಳು ಎಷ್ಟನೆಯ ಸಾಲಿನಲ್ಲಿದ್ದಾಳೆಂದು ಊಹಿಸುತ್ತಾ.