ಮರಗಸಿ ಎಂಬ ಮಾತು

ರಘುನಾಥನ ತೋಟದಲ್ಲಿ ಹಕ್ಕಿಗಳಿಗಿಂತ ಹಕ್ಕಿಗೂಡುಗಳೇ ಹೆಚ್ಚು. ಹಲಗೆಯಲ್ಲಿ ಮಾಡಿಸಿ, ಕೆಂಪು ಹಳದಿ ಬಣ್ಣ ಬಳಿಸಿ, ಸಿಲ್ವರ್ ಓಕ್ ಮರಗಳಿಗೆ ತಂತಿ ಬಿಗಿದು ನೇತುಹಾಕಿಸಿದ್ದ. ಒಂದರಲ್ಲಿ ಕಡಜ ಸಂಸಾರ ಹೂಡಿತ್ತು. ಇನ್ನೊಂದರಲ್ಲಿ ತೋಟದ ಮೇಸ್ತ್ರಿ ಬೀಡಿ ಕಟ್ಟು ಇಟ್ಟುಕೊಳ್ಳುತ್ತಿದ್ದ. ಉಳಿದವು ಖಾಲಿ. ಹಣ್ಣಿನ ಮರ ಕಡಿದು, ಪೊಟರೆಯ ಮರ ಕಡಿದು, ಹುಳ ಹುಪ್ಪಟೆ ಸಿಗುವ ತರಗೆಲೆಯನ್ನೂ ಗುಡಿಸಿ, ಆಮೇಲೆ ಬಣ್ಣದ ಮನೆ ಕಟ್ಟಿಕೊಟ್ಟರೆ ಹಕ್ಕಿ ಬಾಡಿಗೆಗೆ ಬರುತ್ತದೆಯೇ? ಆದರೂ ಲಿಂಗದಹಳ್ಳಿ ದಾಟಿ ಗುಡ್ಡ ಹತ್ತುವ ರಸ್ತೆಯಲ್ಲಿ ಅವನ ಬೋರ್ಡು ನಿಂತೇ ಇತ್ತು: ‘ಹಕ್ಕಿಗಳ ನೆರಳಿನ ಕಾಫಿ’.

ಆ ಬೋರ್ಡು ಕಂಡಾಗಲೆಲ್ಲ ಮಾಯಾಳಿಗೆ ನಗು ಬರುತ್ತಿತ್ತು. ಅವಳ ಅಪ್ಪ ಉಗ್ರಪ್ಪನ ಎರಡು ಎಕರೆ ರಘುನಾಥನ ತೋಟದ ಬೇಲಿಗೆ ಹತ್ತಿಕೊಂಡಂತಿತ್ತು. ಅಜ್ಜನ ಕಾಲಕ್ಕೆ ಮಂಜೂರಾದ ನೆಲ. ಕಲ್ಲೇ ಹೆಚ್ಚು, ಯಾರಿಗೂ ಬೇಡವೆಂದೇ ಅವರಿಗೆ ಸಿಕ್ಕಿದ್ದು. ಅದರಲ್ಲಿ ಅತ್ತಿ, ಮತ್ತಿ, ನಂದಿ, ಹಲಸು, ಅವುಗಳ ಅಡಿಯಲ್ಲಿ ಕಾಫಿ. ಬೇಲಿಯ ಅಂಚಿಗೆ ನಾಲ್ಕಾಳು ತಬ್ಬುವಂಥ ಒಂದು ಗೋಣಿಮರ. ಅದು ಹಣ್ಣು ಬಿಟ್ಟಾಗ ಕುಟ್ರಹಕ್ಕಿ, ಪಿಕಳಾರ, ಕಾಮಳ್ಳಿಗಳ ಜೊತೆಗೆ ದೊಡ್ಡ ಕೊಕ್ಕಿನ ಮಂಗಟ್ಟೆಯೂ ಬಂದು ಇಡೀ ಗುಡ್ಡಕ್ಕೆ ಕೇಳುವಂತೆ ರೆಕ್ಕೆ ಬಡಿಯುತ್ತಿತ್ತು.

ಆ ಮರದ ಮೇಲೆ ರಘುನಾಥನ ಕಣ್ಣು ಮೊದಲಿನಿಂದಲೂ ಇತ್ತು. ಬೀಳಿಸಲು.

‘ನಿಮ್ಮ ನೆರಳು ನಮ್ಮ ತೋಟಕ್ಕೆ ಬೀಳ್ತದೆ’ ಎಂದು ಎರಡು ವರ್ಷ ಗೊಣಗಿದ್ದ. ಅವನ ಗಿಡ ಬಿಸಿಲು ಕುಡಿದು ಹೆಚ್ಚು ಕಾಯಿ ಹಿಡಿಯಬೇಕಂತೆ, ಉಗ್ರಪ್ಪನ ಮರ ಅಡ್ಡ ಬರುತ್ತದಂತೆ. ಆ ಮಾತು ಕೇಳಿದ ದಿನ ಉಗ್ರಪ್ಪ ಊಟಕ್ಕೆ ಕೂತವನು ತುತ್ತು ಬಿಟ್ಟು ನಕ್ಕುಬಿಟ್ಟಿದ್ದ. ಇದೇ ರಘುನಾಥನ ತಾತ, ಸಂಜೆ ಹೊತ್ತು ಮನುಷ್ಯರ ನೆರಳು ಉದ್ದವಾಗುತ್ತದೆಂದು, ಉಗ್ರಪ್ಪನ ಅಪ್ಪನನ್ನು ದಾರಿಯಿಂದ ಕೆಳಗಿಳಿಸಿ ಗದ್ದೆ ಬದುವಿನ ಮೇಲೆ ನಡೆಸುತ್ತಿದ್ದನಂತೆ. ಅಂದು ಮೈಮೇಲೆ ಬೀಳಬಾರದಿದ್ದ ನೆರಳು ಇಂದು ಗಿಡದ ಮೇಲೂ ಬೀಳಬಾರದು. ಪೇಟೆಯಲ್ಲಿ ಮಾತ್ರ ಪೊಟ್ಟಣ ಕಟ್ಟಿ ಅದನ್ನೇ ಮಾರಬಹುದು.

ಮಾಯಾ ಓದಿದ್ದು ತರೀಕೆರೆಯಲ್ಲಿ. ಆಮೇಲೆ ಕಾಫಿ ರುಚಿ ನೋಡುವ ತರಬೇತಿ ಪಡೆದು, ಸಣ್ಣ ಬೆಳೆಗಾರರ ಸಂಘದಲ್ಲಿ ಅದೇ ಕೆಲಸಕ್ಕೆ ಸೇರಿದ್ದಳು. ಸಂಘದ ಅಧ್ಯಕ್ಷ ರಘುನಾಥ. ಮೂವತ್ತು ಎಕರೆಯವನು ಸಣ್ಣವರ ಸಂಘಕ್ಕೆ ಅಧ್ಯಕ್ಷನಾದದ್ದು ಹೇಗೆಂದು ಯಾರೂ ಕೇಳಲಿಲ್ಲ. ಬೆಕ್ಕು ಇಲಿಗಳ ಸಭೆಗೆ ಅಧ್ಯಕ್ಷತೆ ವಹಿಸಿದಾಗ ಇಲಿಗಳು ನಿಯಮಾವಳಿ ಓದುತ್ತಾ ಕೂರುವುದಿಲ್ಲ.

ಆ ಸಲದ ಕೊಯ್ಲು ಮುಗಿದ ಮೇಲೆ ಹೆಸರು ಮುಚ್ಚಿಟ್ಟ ಬಟ್ಟಲುಗಳಲ್ಲಿ ಎಲ್ಲರ ಕಾಫಿ ಸುರಿದು ರುಚಿ ನೋಡಿದ್ದಳು. ಒಂದು ಬಟ್ಟಲು ಬೆಲ್ಲದ ಸಿಹಿ, ಹಣ್ಣಿನಂಥ ಎಳೆ ಹುಳಿ, ನುಂಗಿದ ಮೇಲೂ ನಾಲಿಗೆಯಲ್ಲಿ ನಿಲ್ಲುವ ಸೊಗಸು. ಇನ್ನೊಂದು ಸಪ್ಪೆ, ಒಗರು, ಒಣಹುಲ್ಲಿನ ವಾಸನೆ. ಕಾಗದ ತೆಗೆದು ನೋಡಿದರೆ ಮೊದಲನೆಯದು ಅವಳಪ್ಪನದು, ಎರಡನೆಯದು ಅಧ್ಯಕ್ಷರದು. ರಘುನಾಥ ಹುರಿದವನನ್ನು ಬೈದ. ಆಮೇಲೆ ತನ್ನ ತೋಟದಲ್ಲೂ ನಾಲ್ಕು ಹಲಸಿನ ಗಿಡ ನೆಡಿಸಿದರೆ ಕಾಫಿಗೆ ಹಲಸಿನ ರುಚಿ ಹತ್ತಬಹುದಲ್ಲವೇ ಎಂದು ಕೇಳಿದ. ಮಾಯಾ ಅವನ ಮುಖವನ್ನೇ ನೋಡಿದಳು. ಮರವೇನು ಬಟ್ಟಲಿಗೆ ಒಗ್ಗರಣೆ ಹಾಕುತ್ತದೆಯೇ? ಅದು ಮಾಡುವುದು ಒಂದೇ ಕೆಲಸ: ಬಿಸಿಲು ತಡೆದು, ನೆಲ ತಂಪಾಗಿಟ್ಟು, ಹಣ್ಣಿಗೆ ಅವಸರ ಮಾಡಬೇಡ ಅನ್ನುತ್ತದೆ. ನಿಧಾನ ಮಾಗಿದ ಹಣ್ಣಿನ ಬೀಜ ತುಂಬಿಕೊಳ್ಳುತ್ತದೆ, ಸಿಹಿ ಕಟ್ಟುತ್ತದೆ. ನೆರಳೊಂದೇ ಎಲ್ಲವೂ ಅಲ್ಲ. ತಳಿ, ಎತ್ತರ, ಹಣ್ಣನ್ನೇ ಆರಿಸಿ ಬಿಡಿಸುವುದು, ಒಣಗಿಸುವುದು ಎಲ್ಲವೂ ಬೇಕು. ಆದರೆ ಒಂದೇ ಗುಡ್ಡ, ಒಂದೇ ತಳಿ, ಒಂದೇ ಕಣದಲ್ಲಿ ಒಣಗಿದ್ದು. ಬೇಲಿಯ ಆಚೆಗೂ ಈಚೆಗೂ ಇದ್ದ ವ್ಯತ್ಯಾಸ ಮರ ಮಾತ್ರ. ಇದನ್ನವಳು ಹೇಳಿದಳು. ಅಧ್ಯಕ್ಷರು ಫೋನ್ ನೋಡುತ್ತಿದ್ದರು.

ಬಿಸಿಲು ಬಿಟ್ಟ ಮೊದಲ ವರ್ಷ ಅವನ ಫಸಲು ಹೆಚ್ಚಿದ್ದು ನಿಜ. ಊರೆಲ್ಲ ಹೇಳಿಕೊಂಡು ತಿರುಗಿದ್ದ. ಎರಡನೇ ವರ್ಷ ಬಿಳಿ ಕಾಂಡಕೊರಕ ಬಂತು. ಆ ದುಂಬಿಗೆ ಬಿಸಿಲು ಬಿದ್ದ ಅರೇಬಿಕಾ ಗಿಡವೆಂದರೆ ಪ್ರಾಣ. ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಒಳಗೇ ಸುರಂಗ ತೋಡುತ್ತದೆ. ಗಿಡ ಹಳದಿ ತಿರುಗಿ ಸೊರಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅವನ ಗಿಡಗಳನ್ನು ಸಾಲುಸಾಲಾಗಿ ಕಿತ್ತು ಸುಟ್ಟರು. ಬಿರುಮಳೆಗೆ ಬೋಳು ಇಳಿಜಾರಿನ ಕೆಂಪುಮಣ್ಣು ಹಳ್ಳಕ್ಕಿಳಿಯಿತು. ಉಳಿದದ್ದು ಸಿಲ್ವರ್ ಓಕ್. ಅದೂ ಮರವೇ, ತೆಳುವಾಗಿ ನೆರಳೂ ಕೊಡುತ್ತದೆ, ಹೂ ಬಿಟ್ಟಾಗ ಸೂರಕ್ಕಿ ಬಂದು ಹೋಗುತ್ತದೆ. ಆದರೆ ರಘುನಾಥ ಅದನ್ನು ನೆಟ್ಟದ್ದು ಸೂರಕ್ಕಿಗಲ್ಲ. ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಅರಣ್ಯ ಇಲಾಖೆಯ ಅಪ್ಪಣೆ ಕೇಳದೆ ಕಡಿದು ಮಾರಬಹುದು. ಕಾಡುಮರಕ್ಕಾದರೆ ಅಪ್ಪಣೆ ಬೇಕು. ಆ ಅಪ್ಪಣೆಯ ತಂಟೆ ತಪ್ಪಿಸಿಕೊಳ್ಳಲು ಅವನ ಬಳಿ ಒಂದು ಮಾತಿತ್ತು: ಮರಗಸಿ.

ಮರಗಸಿ ಎಂದರೆ ಮಳೆಗಾಲಕ್ಕೆ ಮುಂಚೆ ನೆರಳುಮರದ ಕೊಂಬೆ ಸವರುವುದು. ಪೂರಾ ಕತ್ತಲಾದರೆ ಗಿಡಕ್ಕೆ ಕೊಳೆ ಹಿಡಿಯುತ್ತದೆ, ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಬೆಳಕು ಜರಡಿ ಹಿಡಿದಂತೆ ಇಳಿಯುವಷ್ಟು ಬಿಡಿಸಬೇಕು. ಎಲ್ಲ ತೋಟದವರೂ ಮಾಡುವ ಕೆಲಸ. ರಘುನಾಥನ ತೋಟದಲ್ಲಿ ಮಾತ್ರ ಕೊಂಬೆಯಿಂದ ಶುರುವಾದ ಮರಗಸಿ ಬುಡಕ್ಕಿಳಿದು ಲಾರಿ ಹತ್ತಿ ಕಡೂರಿನ ಸಾಮಿಲ್ ಸೇರುತ್ತಿತ್ತು. ಯಾರಾದರೂ ಕೇಳಿದರೆ, ಮರಗಸಿ ಮಾಡಿಸ್ತಿದೀನಿ ಎನ್ನುತ್ತಿದ್ದ. ಸುಳ್ಳಲ್ಲ ಎಂಬಂತೆ.

ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಮುಗಿದ ಮೇಲೆ ಮಾನಸ ಎಂಬಾಕೆ ಬರುವುದಾಗಿ ಸುದ್ದಿ ಬಂತು. ಮೈಸೂರಿನವಳು, ಕಾಡುಮರದ ನೆರಳಿನ ಕಾಫಿಯನ್ನೇ ಹುಡುಕಿ ಕೊಳ್ಳುವವಳು. ಉಗ್ರಪ್ಪನ ಬಟ್ಟಲಿನ ರುಚಿ ಅವಳನ್ನು ಬೀರೂರು ಜಂಕ್ಷನ್‌ವರೆಗೆ ರೈಲು ಹತ್ತಿಸಿತ್ತು. ರಘುನಾಥ ಆ ಕಾಫಿಯ ಮಾದರಿಯನ್ನು ‘ನಮ್ಮ ಸಂಘದ ರುಚಿ’ ಎಂದು ಬರೆದು ಕಳಿಸಿದ್ದ. ಸಂಘದ ಸಭೆಯಲ್ಲಿ ಗೋಣಿಮರ ತನ್ನ ಗಡಿಯೊಳಗೇ ಬರುತ್ತದೆಂದೂ, ಬಂದವರನ್ನು ಅದರಡಿ ನಿಲ್ಲಿಸಿ ತೋಟ ತೋರಿಸುವುದೆಂದೂ ಹೇಳಿಬಿಟ್ಟ. ನಿನ್ನೆಯವರೆಗೆ ಉಗ್ರಪ್ಪನ ಪೀಡೆಯಾಗಿದ್ದ ಮರ ಒಂದೇ ಸಭೆಯಲ್ಲಿ ರಘುನಾಥನ ಪಿತ್ರಾರ್ಜಿತವಾಯಿತು. ಮಾಯಾ ಎದ್ದು ವಿರೋಧಿಸಿದಳು. ಸರ್ವೆ ಮಾಡಿಸೋಣ, ಈಗ ಕೂತ್ಕೊಳಮ್ಮ ಎಂದರು. ಮರ ಅವನದಾದರೆ ಬಂದವಳು ಹೋದ ಮರುದಿನವೇ ಅದು ಸಾಮಿಲ್ ಪಾಲು. ಮಾಯಾಳಿಗೆ ಅನುಮಾನವೇ ಇರಲಿಲ್ಲ.

ಮರುದಿನದವರೆಗೂ ಕಾಯಬೇಕಾಗಲಿಲ್ಲ. ಮಾನಸ ಬರುವ ದಿನ ಬೆಳಿಗ್ಗೆ ಮಾಯಾ ಕಣ ಗುಡಿಸುತ್ತಿದ್ದಾಗ ಬೇಲಿಯ ಕಡೆ ಗರಗಸದ ಯಂತ್ರ ಗುರುಗುಟ್ಟಿತು. ಪೊರಕೆ ಎಸೆದು ಓಡಿದಳು. ಅಜ್ಜಂಪುರದ ಕಡೆಯ ಅಂಜಿನಪ್ಪ, ರಘುನಾಥನ ಖಾಯಂ ಮರ ಕಡಿಯುವವನು, ಗೋಣಿಮರದ ಬುಡಕ್ಕೆ ಗರಗಸ ಇಟ್ಟಿದ್ದ. ಕಾಲುಭಾಗ ಸೀಳಿತ್ತು. ಸೀಳಿನಿಂದ ಬಿಳಿ ಹಾಲು ಸುರಿಯುತ್ತಿತ್ತು. ಅವಳಿಗಿಂತ ಮೊದಲೇ ಬಂದಿದ್ದ ಉಗ್ರಪ್ಪ ಮರದ ಇನ್ನೊಂದು ಮಗ್ಗುಲಿಗೆ ಬೆನ್ನು ಕೊಟ್ಟು ಕೂತಿದ್ದ. ಮುದುಕನನ್ನು ಎಬ್ಬಿಸಲಾಗದೆ ಅಂಜಿನಪ್ಪ ಯಂತ್ರ ಆರಿಸಿ ನಿಂತಿದ್ದ. ರಘುನಾಥ ರಾತ್ರಿ ಫೋನ್ ಮಾಡಿ ಬೇಲಿಸಾಲು ನೀಟಾಗಿ ಮರಗಸಿ ಮಾಡಿಡು ಅಂದಿದ್ದನಂತೆ.

ಜೀಪು ಬಂದದ್ದು ಆಗಲೇ. ರಘುನಾಥ ಮುಂದೆ ಇಳಿದ, ನಗುತ್ತಾ, ಹಿಂದೆ ಇಳಿದ ಮಾನಸಳಿಗೆ ಕೈ ತೋರಿಸುತ್ತಾ. ತನ್ನ ತಾತ ನೆಟ್ಟ ಮರ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವನು, ಬುಡ ಕಂಡು ನಗುವನ್ನು ಅರ್ಧಕ್ಕೇ ನುಂಗಿದ. ಅಂಜಿನಪ್ಪನ ಮೇಲೆ ಹರಿಹಾಯ್ದ.

“ಯಾವನೋ ನಿಂಗೆ ಬುಡ ಕೊಯ್ಯಕ್ಕೆ ಹೇಳ್ದೋನು?”

“ನೀವೇ ಅಲ್ವಾ ಸಾ. ಮರಗಸಿ ಅಂದ್ರಿ.”

“ಮರಗಸಿ ಅಂದ್ರೆ ಕೊಂಬೆ ಸವರೋದು ಕಣೋ, ಬೆಪ್ಪೆ.”

ಅಂಜಿನಪ್ಪ ತಲೆ ಕೆರೆದುಕೊಂಡ. ಅವನ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾದ ಗೊಂದಲವಿತ್ತು.

“ಬೇರೆಯೋರ ತೋಟದಾಗೆ ಹಂಗೇ ಸಾ. ನಿಮ್ಮ ತೋಟದಾಗೆ ಮರಗಸಿ ಅಂದ್ರೆ ಬುಡಾನೇ ಅಲ್ವಾ? ಮೂರು ವರ್ಷದಿಂದ ಮತ್ತಿ, ನಂದಿ ಎಲ್ಲಾ ಹಂಗೇ ತಾನೇ ಹೋಗಿದ್ದು.”

ಮಾನಸಳ ದೃಷ್ಟಿ ಬೇಲಿಯಾಚೆ ಹೋಯಿತು. ಬಿಸಿಲಿನಲ್ಲಿ ಹಳದಿ ತಿರುಗಿದ ಗಿಡಗಳು, ಅವುಗಳ ನಡುವೆ ಹೆಮ್ಮರಗಳ ಕೊರಡುಗಳು, ಮೇಲೆ ಕೆಂಪು ಹಳದಿ ಗೂಡುಗಳು. ರಘುನಾಥ ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ‘ಏನೋ ಉಗ್ರಪ್ಪ’ ಎಂದೇ ಕರೆದವನು, ‘ಉಗ್ರಪ್ಪನೋರೇ, ಏಳಿ, ನೆಲ ತಣ್ಣಗಿದೆ’ ಎಂದ. ಉಗ್ರಪ್ಪ ಏಳಲಿಲ್ಲ. ಐವತ್ತು ವರ್ಷಕ್ಕೆ ಸಿಕ್ಕಿದ ಬಹುವಚನ, ಕೂತೇ ಕೇಳೋಣವೆಂದಿರಬೇಕು.

ಮಾಯಾ ಮುಂದೆ ಬಂದಳು. ಮೆಲ್ಲಗೇ ಕೇಳಿದಳು.

“ಸರ್, ಒಂದೇ ಒಂದು ಹೇಳ್ಬಿಡಿ. ಈ ಮರ ಯಾರ್ದು? ನಿಮ್ದು ಅಂದ್ರೆ ಅಪ್ಪಣೆ ಇಲ್ದೆ ಕಡಿಸ್ತಿರೋದು ನೀವು. ನಮ್ದು ಅಂದ್ರೆ ನಿಮ್ಮ ತೋಟದಾಗೆ ನೆರಳು ಎಲ್ಲಿದೆ ಅಂತ ಮೇಡಮ್‌ಗೆ ತೋರ್ಸಿ.”

ರಘುನಾಥ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಅರಣ್ಯ ಇಲಾಖೆಯ ದಂಡ ಒಂದು ಕಡೆ, ಕೊಳ್ಳುವವಳು ಒಂದು ಕಡೆ. ಅಂಥವರು ಇಂಥ ಹೊತ್ತಿನಲ್ಲಿ ಏನು ಬಿಡುತ್ತಾರೆಂದು ಬೇರೆ ಹೇಳಬೇಕಿಲ್ಲ. ಮರ ನೆಟ್ಟ ತಾತನನ್ನೇ ಬಿಟ್ಟ.

“ನಮ್ದಲ್ಲಮ್ಮ ಇದು. ಮೊದ್ಲಿಂದ್ಲೂ ಉಗ್ರಪ್ಪನೋರ್ದೇ. ಎಲ್ಲರೆದ್ರಿಗೇ ಹೇಳ್ತೀನಿ, ಅವರ್ದೇ” ಎಂದು, ಕಡೂರಿನಲ್ಲಿ ಸಭೆಯಿದೆಯೆಂದು ಜೀಪು ಹತ್ತಿದ. ಕರೆತಂದವಳನ್ನು ಅಲ್ಲೇ ಬಿಟ್ಟು ಹೋದ. ಸಭೆಯ ವಿಷಯ ಪಶ್ಚಿಮಘಟ್ಟದ ರಕ್ಷಣೆ.

ಮಾನಸ ಉಗ್ರಪ್ಪನ ಕಾಫಿಯನ್ನು ಬೇರೆಯಾಗಿಯೇ ಕೊಳ್ಳುವುದಾಗಿಯೂ, ಸಂಘದ ರಾಶಿಗೆ ಬೆರೆಸಿದರೆ ಬೇಡವೆಂದೂ ಹೇಳಿದಳು. ಮಾಯಾಳಿಗೆ ಅದು ಅರ್ಧ ಮಾತ್ರ ಕೇಳಿಸಿತು. ಅವಳು ಸೀಳಿಗೆ ಕೈ ಇಟ್ಟು ಮರದ ನೆತ್ತಿ ನೋಡುತ್ತಿದ್ದಳು. ಗೋಣಿಮರ ಗಟ್ಟಿ ಜೀವ, ಗಾಯ ಮಾಯಬಹುದು. ಆದರೆ ಜೂನ್ ಗಾಳಿ ಬೀಸುವ ಹೊತ್ತಿಗೆ ಅಷ್ಟು ದೊಡ್ಡ ತಲೆಯ ಭಾರವನ್ನು ಗಾಯದ ಬುಡ ಹೊರಲಾರದು. ವಾಲಿ ಮುರಿದು ಬಿದ್ದರೆ ಕೆಳಗಿನ ಗಿಡಗಳೂ ಹೋಗುತ್ತವೆ. ಭಾರದ ಕೊಂಬೆಗಳು ಇಳಿಯಲೇಬೇಕು. ಅವೇ ಕೊಂಬೆಗಳಲ್ಲಿ ಕಾಯಿ ಗೊಂಚಲು ಬಿಟ್ಟಿತ್ತು. ಮಂಗಟ್ಟೆ ಈ ವರ್ಷ ಬಂದು ಖಾಲಿ ಆಕಾಶ ಸುತ್ತಿ ಹೋಗುತ್ತದೆ.

ಅಂಜಿನಪ್ಪ ಯಂತ್ರ ಹೆಗಲಿಗೇರಿಸಿ ಹೊರಡುತ್ತಿದ್ದ. ಮಾಯಾ ಕರೆದಳು.

“ನಿಂತ್ಕೊಳಣ್ಣ. ಅದನ್ನ ಕೆಳಗಿಡು, ಮಚ್ಚು ಹಗ್ಗ ತಗೊಂಡು ಮರ ಹತ್ತು. ಈ ಮಗ್ಗುಲಿನ ಕೊಂಬೆ ಇಳಿಸ್ಬೇಕು. ಎಷ್ಟು, ಯಾವ್ದು ಅಂತ ನಾನಿಲ್ಲಿಂದ ಹೇಳ್ತೀನಿ. ಒಂದು ಹೆಚ್ಚಿಗೆ ಬಿದ್ರೂ ನಿನ್ನ ಇಳಿಸಲ್ಲ, ಅಲ್ಲೇ ಗೂಡು ಕಟ್ಕೊಂಡಿರು.”

ಅಂಜಿನಪ್ಪ ಹಗ್ಗ ಸುತ್ತಿ ಹತ್ತತೊಡಗಿದ. ಉಗ್ರಪ್ಪ ಎದ್ದು, ಸಗಣಿಯೂ ಹುತ್ತದ ಮಣ್ಣೂ ಕಲಸಿ ಗಾಯಕ್ಕೆ ಮೆತ್ತಲು ಬುಟ್ಟಿ ತರಲು ಹೋದ. ಮೊದಲ ಕೊಂಬೆ ಕಾಯಿಗೊಂಚಲಿನ ಸಮೇತ ಕೆಳಗೆ ಬಿತ್ತು. ಮಾಯಾ ಕಣ್ಣು ಮುಚ್ಚಲಿಲ್ಲ, ಎರಡನೆಯದನ್ನು ತೋರಿಸಿದಳು.