ಕಮಲಿ ಕೇಳಿದ ಮೂವತ್ತು ಅಡಿ

ಹೊನ್ನಾವರದ ಸಣ್ಣ ಸುದ್ದಿವಾಹಿನಿಯ ಸಂಪಾದಕಿ ಅಮಿತಾ ಆ ಮಧ್ಯಾಹ್ನ ಹೆಮ್ಮೆಯಲ್ಲೇ ಇದ್ದಳು. ಕಮಲಿಯ ಸುದ್ದಿಯನ್ನು ಭಟ್ಕಳದಿಂದ ಕುಮಟಾದವರೆಗೆ ಸಾವಿರಾರು ಜನ ನೋಡಿದ್ದರು. ಕುಮಟಾ ಕಡೆಯ, ಮೀನುದೋಣಿಗಳು ನಿಲ್ಲುವ ದಕ್ಕೆಯಲ್ಲಿ ಕಮಲಿ ಇಪ್ಪತ್ತು ವರ್ಷ ಮೀನು ಹರಾಜು ಕೂಗಿದವಳು, ಗಾಲಿಕುರ್ಚಿಯಲ್ಲಿ ಕೂತೇ. ಈ ವರ್ಷ ಕಟ್ಟಿದ ಹೊಸ ಹರಾಜುಕಟ್ಟೆಗೆ ಐದು ಮೆಟ್ಟಿಲು. ಎರಡು ತಿಂಗಳಿಂದ ಅವಳಿಗೆ ಕೆಲಸವಿಲ್ಲ.

ಅಮಿತಾ ತಾನೇ ಬರೆದು ಗೋಡೆಗೆ ಅಂಟಿಸಿದ ಪಟ್ಟಿಯೊಂದಿತ್ತು. ‘ಕುಂಟ’, ‘ಕುರುಡ’ ಬೇಡ. ‘ಗಾಲಿಕುರ್ಚಿಗೆ ಅಂಟಿದ’ ಅಲ್ಲ, ‘ಗಾಲಿಕುರ್ಚಿ ಬಳಸುವ’. ‘ಬಳಲುತ್ತಿರುವ’, ‘ದೇವರ ಮಗು’ ಬೇಡವೇ ಬೇಡ. ಯಾವ ಪದ ಬೇಕೆಂದು ಅವರನ್ನೇ ಕೇಳು. ವರದಿಗಾರ ರಾಜೀವನ ಬರಹದಲ್ಲಿ ಒಂದು ತಪ್ಪೂ ಇರಲಿಲ್ಲ. ಅವಸರದಲ್ಲಿ ಅವಳು ಬರಹವನ್ನಷ್ಟೇ ಓದಿ ಒಪ್ಪಿದ್ದಳು.

ನಾಲ್ಕು ಗಂಟೆಗೆ ಕಮಲಿಯ ಫೋನ್ ಬಂತು.

"ತಂಗೀ, ನನ್ನ ಎಂತಕ್ಕೆ ತೆವಳಿಸಿದ್ರಿ?"

"ತೆವಳಿಸಿದ್ದಾ?"

"ಕುರ್ಚಿ ಬದಿಗಿಡಿ, ನೆಲದ ಮೇಲೆ ಬುಟ್ಟಿ ಎಳೀರಿ ಅಂದ ನಿಮ್ಮ ರಾಜೀವ. ಕಟ್ಟೆಗೆ ಕುರ್ಚಿ ಹತ್ತೋ ಇಳಿಜಾರು ಆಗ್ತದೆ ಅಂತ ಎಳದೆ. ಈಗ ಮೀನುಗಾರರ ಸಂಘದವ್ರು ಅಂತ್ರು, ಪಾಪ, ಇಷ್ಟು ಕಷ್ಟ ಯಾಕೆ, ಮನೇಲಿರು, ಶಾಲು ಹೊದಿಸ್ತೇವೆ. ಶಾಲು ಹೊದ್ಕಂಡು ಬಂಗುಡೆ ಕೂಗ್ಲಾ? ನಾಳೆ ಇಳಿಜಾರು ಬೇಡ ಅನ್ನೋ ನಿರ್ಣಯಕ್ಕೆ ಸಹಿ ಹಾಕ್ತ್ರು."

ಅಮಿತಾ ವೀಡಿಯೊ ತೆರೆದಳು. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತಿತ್ತು. ಒದ್ದೆ ಸಿಮೆಂಟಿನ ಮೇಲೆ ಕಮಲಿ ನಿಧಾನಗತಿಯಲ್ಲಿ ತೆವಳುತ್ತಿದ್ದಳು, ಹಿಂದೆ ಪಿಟೀಲು ಅಳುತ್ತಿತ್ತು. ಮಾತಾಡಿದ್ದು ಅವಳ ಭಾವ ವೆಂಕಟ. ಕಮಲಿಯದು ಒಂದು ವಾಕ್ಯವೂ ಇಲ್ಲ. ಅಮಿತಾ ರಾಜೀವನ ಮೂಲ ಚಿತ್ರೀಕರಣ ತೆರೆದಳು.

ಕತ್ತರಿಸಿ ಬಿಸಾಡಿದ ತುಣುಕುಗಳಲ್ಲಿ ಕಮಲಿ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಹೇಳುತ್ತಿದ್ದಳು: "ಕಟ್ಟೆ ಎತ್ತರ ಎರಡೂವರೆ ಅಡಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬಿಡ್ಬೇಕು. ಮೂವತ್ತಡಿ ಇಳಿಜಾರಾದ್ರೆ ಸಾಕು, ಹಿಂದೆ ಜಾಗ ಉಂಟು. ಐಸ್ ಗಾಡಿಗೂ ಆಗ್ತದೆ."

"ಇದನ್ನ ಯಾಕೆ ತೆಗೆದುಹಾಕಿದೆ?" ರಾಜೀವನನ್ನು ಕರೆದು ಕೇಳಿದಳು.

ರಾಜೀವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅಳತೆ ಯಾರು ನೋಡ್ತಾರೆ ಮೇಡಂ? ಸಿನಿಮಾದಲ್ಲಿ ಕುಂಟೋನು ಕೇಡಿ, ಇಲ್ಲಾಂದ್ರೆ ಕೊನೇಲಿ ಎದ್ದು ನಡೀತಾನೆ. ಇವ್ರು ನಡೆಯೋದಿಲ್ಲ, ಅದಕ್ಕೆ ನೋಡೋರು ಅಳೋ ಹಾಗೆ ಮಾಡಿದೆ. ಪಟ್ಟಿಯ ಶಬ್ದ ಒಂದೂ ತಪ್ಪಿಲ್ಲ, ನೀವೇ ನೋಡಿದ್ರಲ್ಲ."

ಹೌದು, ತಾನೇ ನೋಡಿದ್ದು. ಅಮಿತಾ ಆ ಸುದ್ದಿಯನ್ನು ಅಳಿಸಿ, ಕಮಲಿಗೆ ಫೋನ್ ಮಾಡಿದಳು.

"ತಪ್ಪಾತು ಅಕ್ಕ. ಇವತ್ತು ಸಂಜೆ ಆರಕ್ಕೆ ತಪ್ಪೊಪ್ಪಿಕೊಂಡು ನಿಮ್ಮ ಮಾತು ಪೂರ್ತಿ ಹಾಕ್ತೇವೆ. ಮೊದಲು ನಿಮಗೆ ಕಳಿಸ್ತೇನೆ, ನೀವು ಹೂಂ ಅಂದ್ರೆ ಮಾತ್ರ."

"ಆ ಪಿಟೀಲು?"

"ಇಲ್ಲ."

"ನಾನೇ ನಿಮ್ಮ ಆಫೀಸಿಗೆ ಬಂದು ನೋಡ್ತೆ. ಮೆಟ್ಟಿಲು ಎಷ್ಟುಂಟು?"

ನಾಲ್ಕು ವರ್ಷ ಹತ್ತಿಳಿದ ಮೆಟ್ಟಿಲುಗಳನ್ನು ಅಮಿತಾ ಎಂದೂ ಎಣಿಸಿರಲಿಲ್ಲ. ಬಾಗಿಲಿಗೆ ಬಂದು ಕೆಳಗೆ ನೋಡಿದಳು.

"ಹತ್ತೊಂಬತ್ತು," ಎಂದಳು.

ಆ ಕಡೆ ಕಮಲಿ, "ಹಂಗಾದ್ರೆ ನೀನೇ ಬಾ," ಎಂದಳು.