ಸೌಜನ್ಯ ಬೇಡ, ತಪ್ಪು ತಿದ್ದಿ

ಮಾರಿಸೆಲಾಳ ಫೋನಿಗೆ ದಿನವೂ ಬೆಳಿಗ್ಗೆ ಒಂದು ರಾಶಿಭವಿಷ್ಯ ಬರುತ್ತಿತ್ತು. ಅವಳು ಕೇಳಿದ್ದಲ್ಲ. ಆದರೂ ಅದರ ಶುಲ್ಕ ಪ್ರತಿ ತಿಂಗಳೂ ಬಿಲ್ಲಿಗೆ ಸೇರುತ್ತಿತ್ತು. ಈ ಸಲ ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಟ್ಟಿದ್ದಕ್ಕೆ, ಸಂಜೆಯೊಳಗೆ ಬಾಕಿ ಬರದಿದ್ದರೆ ಲೈನ್ ನಿಲ್ಲಿಸುತ್ತೇವೆ ಎಂದು ಕಂಪನಿ ಸಂದೇಶ ಕಳಿಸಿತ್ತು. ಅವಳು ಶುಚಿ ಮಾಡುವ ಮನೆಗಳವರೆಲ್ಲ ಅವಳನ್ನು ಕರೆಯುವುದು ಆ ಒಂದು ನಂಬರಿಗೆ.

ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯ ಕೆಲಸ ಮುಗಿಸಿ, ಕೈಗವಸು ಕಳಚಿ, ಬಿಲ್ಲನ್ನು ಅವಳು ನನ್ನ ಮುಂದಿಟ್ಟಳು. ಹೋದ ತಿಂಗಳೂ ಕಾಲ್ ಮಾಡಿದ್ದಳಂತೆ. ಒಂದು ತಿಂಗಳ ಶುಲ್ಕವನ್ನು 'ಸೌಜನ್ಯಕ್ಕೆ' ಬಿಟ್ಟಿದ್ದೇವೆ ಅಂದರಂತೆ. ಇವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಿದ್ದಳು. ರಾಶಿಭವಿಷ್ಯ ಮಾತ್ರ ನಿಂತಿರಲಿಲ್ಲ.

ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿತು, ಅದೇ ಭಾಷೆಯ ಗಿರಾಕಿಗಳ ದೂರು ಕೇಳುವ ಕಾಲ್ ಸೆಂಟರಿನಲ್ಲಿ ನಾನು ದುಡಿದವಳು. ಸ್ಪ್ಯಾನಿಷ್ ಮಾರಿಸೆಲಾಳ ತಾಯಿನುಡಿ. ಆದರೆ ಫೋನಿನ ಆ ತುದಿಯಲ್ಲಿ ಕೂತವರ ಪಾಠ ಗೊತ್ತಿದ್ದದ್ದು ನನಗೆ. ಮೊದಲು ಸೌಜನ್ಯದ ತುಣುಕು ಎಸೆಯಬೇಕು. ಗಿರಾಕಿ ಧನ್ಯವಾದ ಹೇಳಿದರೆ ದೂರು ಮುಗಿಯಿತೆಂದು ಬರೆದು ಮುಚ್ಚಬೇಕು. ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

"ನೀವೇ ಮಾತಾಡಿ ಸೆನ್ಯೊರಾ," ಎಂದಳು, ಅವಳ ಭಾಷೆಯಲ್ಲಿ ಅಮ್ಮಾವ್ರೇ ಎಂದಂತೆ.

"ಬೇಡ. ಖಾತೆ ನಿನ್ನದು. ಕಾಲ್ ರೆಕಾರ್ಡ್ ಆಗುತ್ತೆ, ನಿನ್ನ ದನೀಲೇ ಇರಲಿ."

ಸೋಫಾದಲ್ಲಿ ಬಟಾಣಿ ಬಿಡಿಸುತ್ತಿದ್ದ ನಮ್ಮತ್ತೆ ಗೌರಾದೇವಿ ತಲೆಯೆತ್ತಿದರು. "ಏನಂತೆ ಜಾಹ್ನವಿ?"

"ಕೇಳದೇ ರಾಶಿಭವಿಷ್ಯ ಕಳ್ಸಿ ದುಡ್ಡು ಕೀಳ್ತಿದಾರೆ ಅತ್ತೆ."

"ಥೂ! ನಮ್ಮ ಟಿವೀಲಿ ಆ ಹಣೆತುಂಬ ಕುಂಕುಮದವ್ನು ಪುಕ್ಕಟೆ ಹೆದರಿಸ್ತಾನೆ. ಇವ್ರಿಗೆ ಅದಕ್ಕೂ ದುಡ್ಡಾ?"

ಕಂಪನಿಗೆ ಕರೆಮಾಡಿ, ಸ್ಪ್ಯಾನಿಷ್‌ಗೆ ಎರಡು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ಕೂತೆವು. ಕಾಯಿಸುವಾಗ ಹಾಕುವ ಪಿಯಾನೊ ಸಂಗೀತ ಸುತ್ತಿ ಸುತ್ತಿ ಬಂತು. ಆಮೇಲೆ ಎದ್ಗಾರ್ ಎಂಬ ಬೆಣ್ಣೆಯಂಥ ದನಿ.

"ದಿಸ್ಕುಲ್ಪೆ," ಕ್ಷಮಿಸಿ ಎಂದೇ ಮಾರಿಸೆಲಾ ಶುರುಮಾಡಿದಳು. "ಎಸೆ ಕಾರ್ಗೊ ನೊ ಲೊ ಔತೊರಿಸೆ." ಆ ಶುಲ್ಕಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ.

"ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಸೆನ್ಯೊರಾ. ಅದು ಬೇರೆ ಕಂಪನಿಯ ಸೇವೆ. ನಿಮ್ಮ ಫೋನಿನಿಂದಲೇ ಒಪ್ಪಿಗೆ ಬಂದಿದೆ."

'ಬೇಸರ ಅರ್ಥವಾಗುತ್ತದೆ.' ದಿನಕ್ಕೆಷ್ಟು ಸಲ ಹೇಳಿಸುತ್ತಿದ್ದರೋ ನನ್ನ ಕೈಲೂ ಅದನ್ನು. ಎಂಜಲು ಚಮಚ ಬಾಯಿಗಿಟ್ಟಂತಾಯಿತು.

"ಎಂತಿಯೆಂದೊ, ಪೆರೊ ನೊ ಎಸ್ತೊಯ್ ದೆ ಅಕುಯೆರ್ದೊ." ತಿಳಿಯಿತು, ಆದರೆ ನಾನು ಒಪ್ಪುವುದಿಲ್ಲ. ಕರೆಗೆ ಮೊದಲೇ ನಾನು ಹೇಳಿಕೊಟ್ಟದ್ದನ್ನು ಅವಳು ಮೆತ್ತಗೆ, ದನಿ ಏರಿಸದೆ ಹೇಳಿದಳು. "ಒಪ್ಪಿಗೆ ಯಾವಾಗ ಕೊಟ್ಟೆ, ದಯವಿಟ್ಟು ತೋರಿಸಿ."

ಟಪಟಪ ಕೀಲಿಮಣೆಯ ಸದ್ದು. "ನೀವು ನಮ್ಮ ಹಳೆಯ ಗಿರಾಕಿ. ಬಾಕಿಯನ್ನೆಲ್ಲ ಈಗಲೇ ಸೌಜನ್ಯಕ್ಕಾಗಿ ಬಿಟ್ಟುಬಿಡುತ್ತೇನೆ. ಲೈನ್ ನಿಲ್ಲುವುದಿಲ್ಲ. ಸರಿಯೇ?"

ಅವಳ ಮುಖ ಅರಳಿತು. ಬಾಯಿ ತೆರೆಯಿತು. ಹಳೆಯ ಅಭ್ಯಾಸಕ್ಕೆ ನನ್ನ ಬೆರಳು ಮ್ಯೂಟ್ ಒತ್ತಿತು. 'ಗ್ರಾಸಿಯಾಸ್', ಅವಳ ಥ್ಯಾಂಕ್ಸ್, ನಮ್ಮ ಮನೆಯೊಳಗೇ ಉಳಿಯಿತು.

"ಯಾಕೆ? ಲೈನ್ ಉಳೀತಲ್ಲ!"

"ಈ ತಿಂಗಳಿಗೆ. ಮುಂದಿನ ತಿಂಗಳು ಮತ್ತೆ ಬರುತ್ತೆ, ಮತ್ತೆ ಹೀಗೇ ಕೂರಬೇಕು. ಸೇವೆ ನಿಲ್ಲಿಸಿ, ಇಂಥದ್ದು ಇನ್ನು ಸೇರದಂತೆ ತಡೆ ಹಾಕಿ, ಹಿಂದಿನದ್ದು ವಾಪಸ್ ಕೊಡಿ ಅನ್ನು. ಆಗಲ್ಲ ಅಂದ್ರೆ ಮೇಲಿನವರನ್ನ ಕೇಳು."

"ಸಿಟ್ಟು ಮಾಡ್ಕೊಂಡು ಕಟ್ ಮಾಡಿಬಿಟ್ರೆ?"

ನನಗೂ ಅದೇ ಭಯ. ಬಾಕಿ ಉಳಿದರೆ ಸಂಜೆಗೆ ಲೈನ್ ಹೋಗುತ್ತದೆ. ನನ್ನ ಫೋನಲ್ಲ ಅದು.

"ಸೆನ್ಯೊರಾ? ಇದ್ದೀರಾ?" ಎದ್ಗಾರ್ ಕರೆಯುತ್ತಿದ್ದ.

ಮಾರಿಸೆಲಾ ನನ್ನ ಕೈ ಸರಿಸಿ ಮ್ಯೂಟ್ ತಾನೇ ತೆಗೆದಳು. "ನಾನು ಸೌಜನ್ಯ ಕೇಳ್ತಿಲ್ಲ. ತಪ್ಪು ತಿದ್ದಿ ಅಂತ ಕೇಳ್ತಿದೀನಿ. ಮೆ ಕೊಮುನಿಕಾ ಕೊನ್ ಸು ಸುಪೆರ್ವಿಸೊರ್, ಪೊರ್ ಫವೊರ್." ನಿಮ್ಮ ಮೇಲಿನವರಿಗೆ ಕೊಡಿ, ದಯವಿಟ್ಟು.

ಮತ್ತೆ ಪಿಯಾನೊ. ಅತ್ತೆಯ ಬಟಾಣಿ ಬಟ್ಟಲು ತುಂಬಿತು. ಕೊನೆಗೆ ಬಂದ ಮೇಲಧಿಕಾರಿಣಿ ಎಲ್ಲ ಕೇಳಿಸಿಕೊಂಡಳು. ಸೇವೆ ನಿಂತಿತು, ತಡೆ ಬಿತ್ತು, ಹಿಂದಿನ ಶುಲ್ಕವೆಲ್ಲ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತದೆಂದಳು, ಲೈನಿಗೆ ತೊಂದರೆಯಿಲ್ಲವೆಂದಳು. ಮಾರಿಸೆಲಾ ದೂರಿನ ಸಂಖ್ಯೆ ಕೇಳಿ, ಅಂಗೈ ಮೇಲೆ ಬರೆದುಕೊಂಡು, ತಿರುಗಿ ಓದಿ ಹೇಳಿದಳು.

"ಕಾರಣ ಏನಂತ ಬರೆದ್ರಿ?"

"ಸೌಜನ್ಯ, ಸೆನ್ಯೊರಾ."

"ನಿಮ್ಮ ತಪ್ಪು ಅಂತ ಬರೀರಿ."

"ಅಂಥ ಆಯ್ಕೆ ನಮ್ಮ ಪರದೆಯಲ್ಲಿಲ್ಲ."

ಮಾರಿಸೆಲಾ ನನ್ನತ್ತ ನೋಡಿದಳು, ನಿಜವೇ ಎಂಬಂತೆ. ನಿಜ. ಬೆಂಗಳೂರಿನ ನನ್ನ ಪರದೆಯಲ್ಲೂ ಇರಲಿಲ್ಲ. ಕದ್ದದ್ದನ್ನು ಹಿಂದಿರುಗಿಸುವಾಗಲೂ ದಾನ ಎಂದೇ ಬರೆಯಬೇಕು. ನಾನು ತಲೆಯಾಡಿಸಿದೆ.

"ಇನ್ನೇನಾದರೂ ಸಹಾಯ ಬೇಕೇ? ನಮ್ಮ ಸೇವೆಗೆ ಎಷ್ಟು ಅಂಕ..."

ಮಾರಿಸೆಲಾ ಫೋನ್ ಕಟ್ ಮಾಡಿದಳು. ಏನೋ ಅಂಟಿದಂತೆ ಪರದೆಯನ್ನು ಏಪ್ರನ್ನಿಗೆ ಒರೆಸಿದಳು. ಕೈಯಲ್ಲಿರುವಾಗಲೇ ಅದು ರಿಂಗಣಿಸಿತು: ಮಿಲ್ ಕ್ರೀಕ್ ಎಂಬ ಊರಿನ ಹೊಸ ಮನೆಯವರು, ಗುರುವಾರ ಶುಚಿ ಮಾಡಲು ಬರಲಾಗುತ್ತದೆಯೇ ಎಂದು.

"ಯೆಸ್, ಯೆಸ್, ಥರ್ಸ್‌ಡೇ," ಎನ್ನುತ್ತ ಅವಳು ಬಕೆಟ್ ಎತ್ತಿಕೊಂಡು ಕಾರಿನತ್ತ ನಡೆದಳು.